"ಬರೀ 10 ಪರ್ಸೆಂಟ್ ಸಾರ್": ನಿಜವಾದ ಬಡ್ಡಿ, ಸರಿಯಾದ ಬೆಲೆ ಗೋಲ್ ಸೀಕ್‌ನಲ್ಲಿ ಹುಡುಕುವುದು ಹೇಗೆ

ಕಳೆದ ತಿಂಗಳು ತಮ್ಮನ ಜೊತೆ ರಾಜಾಜಿನಗರದ ಒಂದು ಸ್ಕೂಟರ್ ಶೋರೂಮಿಗೆ ಹೋಗಿದ್ದೆ. ಗಾಡಿ ಆನ್ ರೋಡ್ 1,10,000 ರೂಪಾಯಿ. ಕೈಯಲ್ಲಿ 20,000 ಇತ್ತು, ಉಳಿದ 90,000 ಸಾಲ. ಸಾಲ ಮಾಡಿಸಿಕೊಡುವ ಹುಡುಗ ಒಂದು ಚೀಟಿಯ ಮೇಲೆ ಬರೆದುಕೊಟ್ಟ: 36 ತಿಂಗಳು, ತಿಂಗಳಿಗೆ 3,250. "ಬಡ್ಡಿ ಬರೀ 10 ಪರ್ಸೆಂಟ್ ಸಾರ್, ಬೇರೆ ಕಡೆ ಇಷ್ಟು ಕಮ್ಮಿ ಸಿಗಲ್ಲ" ಅಂದ. ತಮ್ಮ ಖುಷಿಯಾಗಿ ನನ್ನ ಮುಖ ನೋಡಿದ. ನಾನು ಚೀಟಿ ಜೇಬಿಗೆ ಹಾಕಿಕೊಂಡು, ನಾಳೆ ಬರುತ್ತೇವೆ ಅಂತ ಹೇಳಿ ಬಂದೆ.

ಆ ಹುಡುಗ ಸುಳ್ಳು ಹೇಳಿರಲಿಲ್ಲ. 90,000ಕ್ಕೆ ವರ್ಷಕ್ಕೆ 10 ಪರ್ಸೆಂಟ್ ಅಂದರೆ 9,000, ಮೂರು ವರ್ಷಕ್ಕೆ 27,000. ಅಸಲು ಸೇರಿಸಿದರೆ 1,17,000. ಅದನ್ನು 36ರಿಂದ ಭಾಗಿಸಿದರೆ ಸರಿಯಾಗಿ 3,250. ಇದಕ್ಕೆ ಫ್ಲಾಟ್ ರೇಟ್ ಅಂತಾರೆ. ಇದರಲ್ಲಿರುವ ತೊಂದರೆ ಏನಂದರೆ, ನೀವು ಪ್ರತಿ ತಿಂಗಳೂ ಅಸಲು ತೀರಿಸುತ್ತಾ ಬರುತ್ತೀರಿ, ಆದರೆ ಬಡ್ಡಿ ಮಾತ್ರ ಕೊನೆಯ ತಿಂಗಳವರೆಗೂ ಪೂರ್ತಿ 90,000ದ ಮೇಲೇ ಬೀಳುತ್ತಿರುತ್ತದೆ. ಅವರದೇ ಲೆಕ್ಕದ ಪ್ರಕಾರ ಕೊನೆಯ ತಿಂಗಳಲ್ಲಿ ಉಳಿದಿರುವ ಅಸಲು ಬರೀ 2,500. ಆ 2,500ಕ್ಕೆ ಒಂದು ತಿಂಗಳ ಬಡ್ಡಿ ಅಂತ ನೀವು ಕಟ್ಟುವುದು 750.

ಹಾಗಾದರೆ ಬ್ಯಾಂಕಿನವರು ಹೇಳುವ, ಉಳಿದ ಅಸಲಿನ ಮೇಲೆ ಮಾತ್ರ ಹಾಕುವ ಬಡ್ಡಿಯ ಲೆಕ್ಕದಲ್ಲಿ ಇದು ಎಷ್ಟು ಪರ್ಸೆಂಟ್? ಕಂತು ಗೊತ್ತು, ತಿಂಗಳು ಗೊತ್ತು, ಸಾಲ ಗೊತ್ತು, ಬಡ್ಡಿ ಮಾತ್ರ ಗೊತ್ತಿಲ್ಲ. ಕಂತಿನ ಸೂತ್ರವನ್ನು ತಿರುಗಿಸಿ ಬಡ್ಡಿಯನ್ನು ಪೆನ್ನು ಪೇಪರಿನಲ್ಲಿ ನೇರವಾಗಿ ತೆಗೆಯಲು ಬರುವುದಿಲ್ಲ, ಒಂದೊಂದೇ ದರ ಹಾಕಿ ನೋಡುತ್ತಾ ಹತ್ತಿರ ಹೋಗಬೇಕು. ಆ ಹಾಕಿ ನೋಡುವ ಕೆಲಸವನ್ನು ನಮ್ಮ ಬದಲು ಮಾಡಿಕೊಡುವುದೇ ಎಕ್ಸೆಲ್‌ನ ಗೋಲ್ ಸೀಕ್.

ಮೊದಲು ಶೀಟ್ ಬರೆಯಿರಿ

ಹೊಸ ಶೀಟ್ ತೆರೆದು, A ಕಾಲಂನಲ್ಲಿ ಹೆಸರು, B ಕಾಲಂನಲ್ಲಿ ಸಂಖ್ಯೆ ಹಾಕಿ. B1ರಲ್ಲಿ ಸಾಲ 90000. B2ರಲ್ಲಿ ತಿಂಗಳು 36. B3ರಲ್ಲಿ ವರ್ಷದ ಬಡ್ಡಿ, ಸದ್ಯಕ್ಕೆ 10% ಅಂತ ಪರ್ಸೆಂಟ್ ಚಿಹ್ನೆ ಸಮೇತ ಟೈಪ್ ಮಾಡಿ. ಚಿಹ್ನೆ ಬಿಟ್ಟು ಬರೀ 10 ಹಾಕಿದರೆ ಎಕ್ಸೆಲ್ ಅದನ್ನು 1000 ಪರ್ಸೆಂಟ್ ಅಂತ ತಿಳಿದುಕೊಳ್ಳುತ್ತದೆ, ಅಷ್ಟು ದೂರದಿಂದ ಹುಡುಕಲು ಶುರುಮಾಡಿದರೆ ಉತ್ತರ ಸಿಗದೇ ಹೋಗಬಹುದು. B4ರಲ್ಲಿ ಕಂತು:

```
=PMT(B3/12,B2,-B1)
```

ಇಲ್ಲಿ ಎರಡು ಕಡೆ ಕೈ ತಪ್ಪುತ್ತದೆ. ಒಂದು, B1ರ ಹಿಂದಿನ ಮೈನಸ್. PMT ಹಣ ಬರುವುದನ್ನೂ ಹೋಗುವುದನ್ನೂ ಬೇರೆ ಬೇರೆ ಚಿಹ್ನೆಯಲ್ಲಿ ತೋರಿಸುತ್ತದೆ, ಮೈನಸ್ ಹಾಕದಿದ್ದರೆ ಕಂತು -3,250 ಅಂತ ಬರಬೇಕಾದ ಜಾಗದಲ್ಲಿ ನೀವು +3,250 ಕೇಳುತ್ತಿರುತ್ತೀರಿ, ಗೋಲ್ ಸೀಕ್ ಎಷ್ಟು ಹುಡುಕಿದರೂ ಅದು ಸಿಗುವುದಿಲ್ಲ. ಇನ್ನೊಂದು, 12ರಿಂದ ಭಾಗಿಸುವುದು. ಅದನ್ನು ಮರೆತರೆ ಕೊನೆಗೆ ಬಡ್ಡಿ 1.49% ಅಂತ ಬರುತ್ತದೆ. ಅಷ್ಟು ಚಿಕ್ಕ ಸಂಖ್ಯೆ ಕಂಡರೆ ಅದು ತಿಂಗಳ ಬಡ್ಡಿ, ವರ್ಷದ್ದಲ್ಲ ಅಂತ ತಿಳಿಯಿರಿ.

ಈಗ B4ರಲ್ಲಿ 2,904 ಕಾಣಬೇಕು. ಅಂದರೆ ನಿಜವಾಗಿ 10 ಪರ್ಸೆಂಟ್ ಆಗಿದ್ದರೆ ಕಂತು 2,904 ಇರಬೇಕಿತ್ತು. ಚೀಟಿಯಲ್ಲಿ ಇರುವುದು 3,250. ತಿಂಗಳಿಗೆ 346 ಜಾಸ್ತಿ, 36 ತಿಂಗಳಿಗೆ ಸುಮಾರು 12,450. ಇಷ್ಟಕ್ಕೇ ತಮ್ಮನ ಖುಷಿ ಅರ್ಧ ಇಳಿಯಿತು.

ಗೋಲ್ ಸೀಕ್ ತೆರೆಯುವುದು

ಎಕ್ಸೆಲ್‌ನಲ್ಲಿ ಮೇಲೆ `Data`, ಅದರಲ್ಲಿ `What-If Analysis`, ಅದರೊಳಗೆ `Goal Seek`. ಕೀಬೋರ್ಡಿನಲ್ಲೇ ಆಗಬೇಕಾದರೆ ವಿಂಡೋಸ್‌ನಲ್ಲಿ Alt ಒತ್ತಿ, ಆಮೇಲೆ A, W, G ಒಂದಾದ ಮೇಲೊಂದು ಒತ್ತಿ. ಲಿಬ್ರೆ ಆಫೀಸ್ ಬಳಸುವವರಿಗೆ `Tools` ಮೆನುವಿನಲ್ಲೇ `Goal Seek` ಇದೆ.

ಒಂದು ಪುಟ್ಟ ಪೆಟ್ಟಿಗೆ ತೆರೆಯುತ್ತದೆ, ಮೂರೇ ಪ್ರಶ್ನೆ. `Set cell` ಅಂದರೆ ಯಾವ ಸೆಲ್ಲಿನ ಉತ್ತರ ನಿಮಗೆ ಬೇಕಾದ ಹಾಗೆ ಬರಬೇಕು, ಇಲ್ಲಿ B4. `To value` ಅಂದರೆ ಎಷ್ಟು ಬರಬೇಕು, 3250. `By changing cell` ಅಂದರೆ ಯಾವುದನ್ನು ಬದಲಾಯಿಸಿ ಅದನ್ನು ತರಬೇಕು, B3. ಲಿಬ್ರೆ ಆಫೀಸ್‌ನಲ್ಲಿ ಇದೇ ಮೂರಕ್ಕೆ `Formula cell`, `Target value`, `Variable cell` ಅಂತ ಹೆಸರು.

ನೆನಪಿಡಬೇಕಾದ್ದು ಇಷ್ಟೇ. ಮೊದಲನೇ ಸೆಲ್ಲಿನಲ್ಲಿ ಸೂತ್ರ ಇರಲೇಬೇಕು, ಕೊನೆಯ ಸೆಲ್ಲಿನಲ್ಲಿ ಸೂತ್ರ ಇರಲೇಬಾರದು, ಕೈಯಾರೆ ಟೈಪ್ ಮಾಡಿದ ಸಂಖ್ಯೆ ಇರಬೇಕು. ಮಧ್ಯದ್ದಕ್ಕೆ ಸೆಲ್ ತೋರಿಸಲು ಬರುವುದಿಲ್ಲ, ಸಂಖ್ಯೆಯನ್ನೇ ಬರೆಯಬೇಕು. ಬದಲಾಯಿಸಲು ಒಂದೇ ಸೆಲ್ ಕೊಡಬಹುದು, ಎರಡಲ್ಲ.

OK ಕೊಟ್ಟ ತಕ್ಷಣ B3ರಲ್ಲಿ ಸಂಖ್ಯೆಗಳು ಓಡಿ ಒಂದು ಕಡೆ ನಿಲ್ಲುತ್ತವೆ. ನಮ್ಮ ಲೆಕ್ಕದಲ್ಲಿ ನಿಂತಿದ್ದು 17.92%. ಸೆಲ್ ಬರೀ 18% ಅಂತ ತೋರಿಸಿದರೆ ದಶಮಾಂಶ ಹೆಚ್ಚಿಸಿಕೊಳ್ಳಿ. ಚೀಟಿಯಲ್ಲಿದ್ದ 10 ಪರ್ಸೆಂಟ್ ನಿಜಕ್ಕೂ 18ರ ಹತ್ತಿರ.

ನಂಬಿಕೆ ಬರದಿದ್ದರೆ ಪಕ್ಕದ ಖಾಲಿ ಸೆಲ್ಲಿನಲ್ಲಿ ಇದನ್ನು ಹಾಕಿ ತಾಳೆ ನೋಡಿ, ಇದೇ 17.92 ಬರುತ್ತದೆ:

```
=RATE(36,-3250,90000)*12
```

RATE ಇದ್ದ ಮೇಲೆ ಗೋಲ್ ಸೀಕ್ ಯಾಕೆ ಅಂತ ಕೇಳಬಹುದು. ಬರೀ ಬಡ್ಡಿಗಾದರೆ RATE ಸಾಕು. ಆದರೆ ಗೋಲ್ ಸೀಕ್‌ಗೆ ಯಾವ ಸೂತ್ರವಾದರೂ ಆಗುತ್ತದೆ, ಬಡ್ಡಿಗೆ ಕಲಿತ ಇದೇ ಮೂರು ಪ್ರಶ್ನೆ ಅಂಗಡಿಯ ಬೆಲೆಗೂ ನಡೆಯುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ಫೀಸು ಸೇರಿಸಿದರೆ ಇನ್ನೂ ಏರುತ್ತದೆ

ಮರುದಿನ ಶೋರೂಮಿನಲ್ಲಿ ಇನ್ನೊಂದು ಗೊತ್ತಾಯಿತು. ಪ್ರೊಸೆಸಿಂಗ್ ಫೀಸು, ಡಾಕ್ಯುಮೆಂಟ್ ಚಾರ್ಜು ಅಂತ 2,700 ಸಾಲದಲ್ಲೇ ಹಿಡಿದುಕೊಳ್ಳುತ್ತಾರೆ. ಅಂದರೆ ಕಂತು 90,000ಕ್ಕೆ, ಕೈಗೆ ಸಿಗುವುದು 87,300. ಇದನ್ನು ಲೆಕ್ಕಕ್ಕೆ ತರುವುದು ಬಹಳ ಸುಲಭ. B1ರಲ್ಲಿ 87300 ಹಾಕಿ, ಬೇರೇನೂ ಮುಟ್ಟಬೇಡಿ, ಗೋಲ್ ಸೀಕ್ ಮತ್ತೆ ಓಡಿಸಿ. ಗುರಿ ಅದೇ 3250. ಈ ಸಲ ನಿಂತಿದ್ದು 20.13%.

"ಮತ್ತೆ ಓಡಿಸಿ" ಅಂದಿದ್ದನ್ನು ಗಮನಿಸಿ. ಗೋಲ್ ಸೀಕ್ ಸೂತ್ರದ ಹಾಗೆ ತನ್ನಷ್ಟಕ್ಕೆ ಬದಲಾಗುವುದಿಲ್ಲ. ಅದು ಒಂದು ಸಲ ಹುಡುಕಿ, ಸಿಕ್ಕಿದ ಸಂಖ್ಯೆಯನ್ನು ಸೆಲ್ಲಿನಲ್ಲಿ ಬರೆದು ಹೋಗುತ್ತದೆ. ಸಾಲದ ಮೊತ್ತ ಬದಲಾಯಿಸಿ ಬಡ್ಡಿಯ ಸೆಲ್ ನೋಡಿದರೆ ಹಳೆಯ ಬಡ್ಡಿಯೇ ಕೂತಿರುತ್ತದೆ. ಅದು ಹಳೆಯದು ಅಂತ ಗೊತ್ತಾಗುವುದು ಕಂತಿನ ಸೆಲ್ ನೋಡಿದಾಗ, ಅಲ್ಲಿ 3,250 ಇರುವುದಿಲ್ಲ. ಅದಕ್ಕೇ ನಾನು ಉತ್ತರಕ್ಕಿಂತ ಮೊದಲು ಯಾವಾಗಲೂ ಕಂತಿನ ಸೆಲ್ ನೋಡುತ್ತೇನೆ.

ಕೆಲವರು ಮೊದಲನೇ ಕಂತನ್ನು ಗಾಡಿ ಕೊಡುವ ದಿನವೇ ತೆಗೆದುಕೊಳ್ಳುತ್ತಾರೆ. ಆಗ ಸೂತ್ರದ ಕೊನೆಗೆ ಇನ್ನೆರಡು ಅಂಕೆ ಸೇರಿಸಬೇಕು, ಕೊನೆಯ 1 ಅಂದರೆ ಕಂತು ತಿಂಗಳ ಶುರುವಿನಲ್ಲಿ:

```
=PMT(B3/12,B2,-B1,0,1)
```

ಫೀಸು ಇಲ್ಲದೆ, ಬರೀ ಈ ಒಂದು ಬದಲಾವಣೆಗೇ 17.92 ಇದ್ದಿದ್ದು 19.06ಕ್ಕೆ ಹೋಗುತ್ತದೆ.

ಈ ಲೆಕ್ಕವನ್ನು ನೀವೇ ಮಾಡಿಕೊಂಡ ಮೇಲೂ ಸಾಲ ಕೊಡುವವರ ಹತ್ತಿರ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಕೇಳಿ ತೆಗೆದುಕೊಳ್ಳಿ. ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿಯಮದ ಪ್ರಕಾರ, 2024ರ ಅಕ್ಟೋಬರ್ 1ರಿಂದ ಹೊಸ ರೀಟೇಲ್ ಸಾಲಗಳಿಗೆ ಬ್ಯಾಂಕುಗಳೂ ಫೈನಾನ್ಸ್ ಕಂಪನಿಗಳೂ ಇದನ್ನು ಕೊಡಬೇಕು. ಅದರಲ್ಲಿ ಎಪಿಆರ್ ಅಂತ ಒಂದು ಸಾಲು ಇರುತ್ತದೆ, ಫೀಸು, ಇನ್ಶೂರೆನ್ಸ್ ಎಲ್ಲಾ ಸೇರಿಸಿ ಬರುವ ವರ್ಷದ ದರ. ನಿಮ್ಮ ಶೀಟಿನ ಉತ್ತರ ಅದರ ಹತ್ತಿರ ಇರಬೇಕು. ತುಂಬಾ ವ್ಯತ್ಯಾಸ ಇದ್ದರೆ ನೀವು ಯಾವುದೋ ಒಂದು ಚಾರ್ಜನ್ನು ಬಿಟ್ಟಿದ್ದೀರಿ ಅಂತ ಅರ್ಥ, ಸಹಿ ಹಾಕುವ ಮೊದಲು ಅದು ಯಾವುದು ಅಂತ ಕೇಳಿ.

ನಮ್ಮ ಕೈಲಾಗುವ ಕಂತಿನಿಂದ ಹಿಂದಕ್ಕೆ

ತಮ್ಮ ಆಮೇಲೆ ಕೇಳಿದ: "ಅಣ್ಣ, ನನ್ನ ಕೈಲಿ ತಿಂಗಳಿಗೆ 3,000 ಆಗುತ್ತೆ. ಎಷ್ಟು ಬಡ್ಡಿಗೆ ಸಾಲ ಹುಡುಕಬೇಕು?" ಇದು ಒಳ್ಳೆಯ ಪ್ರಶ್ನೆ, ಮಾತಾಡಲು ಹೋಗುವಾಗ ಕೈಯಲ್ಲಿ ಒಂದು ಸಂಖ್ಯೆ ಇದ್ದಂತಾಗುತ್ತದೆ. B1 ಮತ್ತೆ 90000, ಸೂತ್ರ ಮೊದಲಿನದೇ, ಗುರಿ 3000. ಉತ್ತರ 12.25%. ಅಂದರೆ 12.25ಕ್ಕಿಂತ ಮೇಲೆ ಯಾರು ಹೇಳಿದರೂ 36 ತಿಂಗಳಿಗೆ ಆ ಕಂತು ಕೂರುವುದಿಲ್ಲ.

ಇನ್ನೂ ಇಳಿಸಿ 2,400 ಹಾಕಿದ. ಬಡ್ಡಿ ಮೈನಸ್‌ಗೆ ಹೋಯಿತು. 2,400ರಂತೆ 36 ಕಂತು ಕಟ್ಟಿದರೆ ಆಗುವುದು 86,400, ಅಸಲೇ 90,000. ಗೋಲ್ ಸೀಕ್‌ಗೆ ಮೈನಸ್ ಬಡ್ಡಿಯೂ ಒಂದು ಸಂಖ್ಯೆ ಅಷ್ಟೇ. ಹಾಗೆ ಬಂದರೆ ಬದಲಾಯಿಸಬೇಕಾದ್ದು ಬಡ್ಡಿಯಲ್ಲ, ತಿಂಗಳೋ ಡೌನ್ ಪೇಮೆಂಟೋ. ಕೊನೆಗೆ ಅವನು ಶೋರೂಮಿನ ಸಾಲ ಬಿಟ್ಟು, ತನ್ನ ಸಂಬಳ ಬರುವ ಬ್ಯಾಂಕಿಗೆ 12.25 ಅಂತ ಬರೆದುಕೊಂಡು ಹೋದ.

ಈಗ ಬೆಲೆ: ಅತ್ತಿಗೆಯ ಕೋಡುಬಳೆ

ಹನುಮಂತನಗರದಲ್ಲಿ ನಮ್ಮ ಅತ್ತಿಗೆ ಕೋಡುಬಳೆ ಮಾಡಿ ಗಾಂಧಿಬಜಾರಿನ ಒಂದು ಅಂಗಡಿಗೆ ಕೊಡುತ್ತಾರೆ. ಪ್ಯಾಕೆಟ್ 120 ರೂಪಾಯಿ, ತಿಂಗಳಿಗೆ 600 ಪ್ಯಾಕೆಟ್. ಹಿಟ್ಟು, ಎಣ್ಣೆ, ಕವರ್ ಎಲ್ಲಾ ಸೇರಿ ಪ್ಯಾಕೆಟ್ಟಿಗೆ 62 ಬೀಳುತ್ತದೆ. ಅಂಗಡಿಯವರು ಮಾರಿದ ಬೆಲೆಯಲ್ಲಿ 18 ಪರ್ಸೆಂಟ್ ಕಮಿಷನ್ ಹಿಡಿಯುತ್ತಾರೆ. ಸಹಾಯಕ್ಕೆ ಬರುವವರ ಸಂಬಳ, ಗ್ಯಾಸು, ಆಟೋ ಅಂತ ತಿಂಗಳಿಗೆ 14,000. ಅತ್ತಿಗೆಯ ಪ್ರಶ್ನೆ ನೇರ: "ತಿಂಗಳಿಗೆ 20,000 ಉಳಿಬೇಕಪ್ಪ, ಎಷ್ಟಕ್ಕೆ ಮಾರಲಿ?"

ಇನ್ನೊಂದು ಹೊಸ ಶೀಟಿನಲ್ಲಿ B1 ಬೆಲೆ 120, B2 ಪ್ಯಾಕೆಟ್ 600, B3 ಖರ್ಚು 62, B4 ಕಮಿಷನ್ 18%, B5 ತಿಂಗಳ ಖರ್ಚು 14000. B6ರಲ್ಲಿ ಲಾಭ:

```
=B2*(B1*(1-B4)-B3)-B5
```

ಈಗಿನ ಲಾಭ 7,840. ಗೋಲ್ ಸೀಕ್‌ನಲ್ಲಿ B6, 20000, B1. ಉತ್ತರ 144.72. ಆ ಬೆಲೆಗೆ ಯಾರೂ ಮಾರುವುದಿಲ್ಲ, ಹಾಗಾಗಿ B1ರಲ್ಲಿ ಕೈಯಾರೆ 145 ಹಾಕಿ, ಲಾಭ 20,140. ಸರಿಯಾದ ರೂಪಾಯಿಗೆ ತರುವ ಕೆಲಸವನ್ನು ಹೀಗೆ ಕೊನೆಯಲ್ಲೇ ಮಾಡಿ. ಸೂತ್ರದೊಳಗೆ ROUND ಹಾಕಿದರೆ ಬೆಲೆ ಸ್ವಲ್ಪ ಬದಲಾದರೂ ಲಾಭ ಅಲ್ಲಾಡುವುದಿಲ್ಲ, ಗೋಲ್ ಸೀಕ್‌ಗೆ ಯಾವ ಕಡೆ ಹೋಗಬೇಕು ಅಂತ ತಿಳಿಯದೆ ಸುಮ್ನೆ ನಿಂತುಬಿಡುತ್ತದೆ.

ಅತ್ತಿಗೆ 145 ನೋಡಿ ತಲೆ ಅಲ್ಲಾಡಿಸಿದರು. "145 ಮಾಡಿದ್ರೆ 600 ಯಾರು ತಗೋತಾರೆ? ಹಿಂದೆ 110 ಇದ್ದಾಗ 660 ಹೋಗ್ತಿತ್ತು, 120 ಮಾಡಿದ್ಮೇಲೇ 600ಕ್ಕೆ ಇಳೀತು." ಈ ಮಾತೇ ಇಡೀ ಲೆಕ್ಕದ ಜೀವ. ನಾನು ಬರೆದ ಸೂತ್ರದಲ್ಲಿ ಬೆಲೆ ಏನೇ ಆದರೂ 600 ಪ್ಯಾಕೆಟ್ ಹೋಗುತ್ತಿತ್ತು. ಹತ್ತು ರೂಪಾಯಿಗೆ 60 ಪ್ಯಾಕೆಟ್ ಇಳಿದಿದೆ, ಅಂದರೆ ರೂಪಾಯಿಗೆ 6. ಎರಡೇ ಅನುಭವದಿಂದ ತೆಗೆದ ಅಂದಾಜು ಇದು, ಆದರೂ ಬೆಲೆಗೂ ಮಾರಾಟಕ್ಕೂ ಸಂಬಂಧವೇ ಇಲ್ಲ ಅನ್ನುವುದಕ್ಕಿಂತ ಎಷ್ಟೋ ವಾಸಿ. B2ರಲ್ಲಿದ್ದ 600 ಅಳಿಸಿ ಇದನ್ನು ಹಾಕಿದೆ:

```
=600-6*(B1-120)
```

B1ಕ್ಕೆ ಮತ್ತೆ 120 ಹಾಕಿ ಗೋಲ್ ಸೀಕ್ ಓಡಿಸಿದೆ, ಗುರಿ ಅದೇ 20000. ಈ ಸಲ `may not have found a solution` ಅಂತ ಬಂತು, ಬೆಲೆಯ ಸೆಲ್ಲಿನಲ್ಲಿ ಅರ್ಥವಿಲ್ಲದ ಸಂಖ್ಯೆ. ಇಂಥ ಸಮಯದಲ್ಲಿ Cancel ಒತ್ತಿ, ಹಳೆಯ ಸಂಖ್ಯೆ ವಾಪಸ್ ಬರುತ್ತದೆ. OK ಒತ್ತಿದರೆ ಆ ಕಸವೇ ಉಳಿಯುತ್ತದೆ, ಆಗ Ctrl+Z ಮಾಡಬೇಕು.

ಉತ್ತರ ಸಿಗದಿದ್ದರೆ ಗುರಿ ತಲುಪಲು ಆಗದೇ ಇರುವುದೇ ಕಾರಣವೋ, ಇನ್ನೇನೋ ತಪ್ಪೋ ಅಂತ ತಿಳಿಯಲು ಬೆಲೆಯನ್ನು ಹತ್ತು ಹತ್ತು ರೂಪಾಯಿ ಏರಿಸಿ ಲಾಭ ಬರೆದುಕೊಳ್ಳಿ. 120ಕ್ಕೆ 7,840. 130ಕ್ಕೆ 10,084. 140ಕ್ಕೆ 11,344. 150ಕ್ಕೆ 11,620. 160ಕ್ಕೆ 10,912. 170ಕ್ಕೆ 9,220. ಲಾಭ ಏರಿ, 148ರ ಆಸುಪಾಸಿನಲ್ಲಿ 11,640ರಷ್ಟು ಮುಟ್ಟಿ, ಮತ್ತೆ ಇಳಿಯುತ್ತದೆ. ಈ ಅಂಗಡಿಯಲ್ಲಿ, ಈ ಕಮಿಷನ್ನಿಗೆ, ಯಾವ ಬೆಲೆ ಇಟ್ಟರೂ 20,000 ಬರುವುದಿಲ್ಲ.

ಅತ್ತಿಗೆ ಗುರಿ ಇಳಿಸಿದರು, 10,000 ಅಂದರು. 120ರಿಂದ ಶುರುಮಾಡಿದಾಗ ಬಂದ ಬೆಲೆ 129.53. ಅನುಮಾನಕ್ಕೆ B1ರಲ್ಲಿ 200 ಹಾಕಿ ಮತ್ತೆ ಓಡಿಸಿದೆ, ಬಂದಿದ್ದು 166.08. ಎರಡೂ ಸರಿಯೇ. ಏರಿ ಇಳಿಯುವ ಲಾಭದಲ್ಲಿ ಒಂದೇ ಗುರಿಗೆ ಎರಡು ಬೆಲೆ ಇರುತ್ತವೆ, ಗೋಲ್ ಸೀಕ್ ಒಂದನ್ನು ಮಾತ್ರ ತೋರಿಸುತ್ತದೆ, ಸಾಮಾನ್ಯವಾಗಿ ನೀವು ಶುರುಮಾಡಿದ ಕಡೆಗೆ ಹತ್ತಿರ ಇರುವುದನ್ನು. ಅದಕ್ಕೇ ಬೆಲೆಯ ಲೆಕ್ಕ ಮಾಡುವಾಗ ಒಂದು ಸಲ ಕೆಳಗಿನಿಂದ, ಒಂದು ಸಲ ಮೇಲಿನಿಂದ ಓಡಿಸಿ ನೋಡುವುದನ್ನು ನಾನು ತಪ್ಪಿಸುವುದಿಲ್ಲ. 166ಕ್ಕೆ 324 ಪ್ಯಾಕೆಟ್ ಮಾಡಿದರೂ, 130ಕ್ಕೆ 540 ಮಾಡಿದರೂ ಹೆಚ್ಚೂಕಡಿಮೆ ಅಷ್ಟೇ ಲಾಭ. ಅತ್ತಿಗೆ 130 ಆರಿಸಿದರು, ಗಿರಾಕಿಗಳು ಕಳೆದುಹೋದರೆ ವಾಪಸ್ ಬರುವುದಿಲ್ಲ ಅಂತ.

ಇಲ್ಲಿ ಒಂದು ಸೆಟ್ಟಿಂಗ್ ಹೇಳಿಬಿಡುತ್ತೇನೆ. ಗುರಿ ರೂಪಾಯಿಯಲ್ಲಿ ಇದ್ದರೆ ತೊಂದರೆ ಇಲ್ಲ. ಆದರೆ ಲಾಭ ಮಾರಾಟದ 20 ಪರ್ಸೆಂಟ್ ಇರಲಿ ಅಂತ ಗುರಿ ಇಟ್ಟರೆ, ಎಕ್ಸೆಲ್‌ಗೆ ಅದು 0.2. ಗುರಿಗೆ 0.001ರಷ್ಟು ಹತ್ತಿರ ಬಂದರೆ ಸಾಕು ಅಂತ ಅದು ನಿಲ್ಲಿಸಿಬಿಡುತ್ತದೆ, ಹಾಗಾಗಿ 19.93% ಬಂದರೂ ಸಿಕ್ಕಿತು ಅನ್ನುತ್ತದೆ. `File`, `Options`, `Formulas`ಗೆ ಹೋಗಿ `Maximum Change` ಅನ್ನುವಲ್ಲಿ 0.000001 ಹಾಕಿದರೆ ಸರಿಹೋಗುತ್ತದೆ.

20,000 ಮಾತ್ರ ಅತ್ತಿಗೆಯ ತಲೆಯಿಂದ ಹೋಗಿರಲಿಲ್ಲ. ನಾನು B4ರ ಕಮಿಷನ್ 0 ಮಾಡಿ, ಬೆಲೆ 120 ಇಟ್ಟು, 20000ಕ್ಕೆ ಇನ್ನೊಂದು ಸಲ ಓಡಿಸಿದೆ. ಬೆಲೆ 117.04. ಅಂದರೆ ಅಂಗಡಿ ಇಲ್ಲದೆ ನೇರವಾಗಿ ಮಾರಿದರೆ 118ಕ್ಕೇ 612 ಪ್ಯಾಕೆಟ್ ಹೋಗಿ 20,272 ಉಳಿಯುತ್ತದೆ, ಈಗಿನ ಬೆಲೆಗಿಂತ ಎರಡು ರೂಪಾಯಿ ಕಮ್ಮಿಗೆ. ಅಂಗಡಿ ಬಿಟ್ಟರೆ ಅಷ್ಟು ಪ್ಯಾಕೆಟ್ ಹೋಗುತ್ತವಾ ಅನ್ನುವುದನ್ನು ಶೀಟ್ ಹೇಳುವುದಿಲ್ಲ. ಅತ್ತಿಗೆ ಈ ತಿಂಗಳು ತಮ್ಮ ಬೀದಿಯ ಹಿಂದಿನ ಅಪಾರ್ಟ್‌ಮೆಂಟಿನಲ್ಲಿ 118ಕ್ಕೆ ಆರ್ಡರ್ ತೆಗೆದುಕೊಳ್ಳಲು ಶುರುಮಾಡಿದ್ದಾರೆ, ಎಷ್ಟು ಹೋಯಿತು ಅಂತ ದಿನಾ ಬರೆದಿಡುತ್ತಿದ್ದಾರೆ. ತಿಂಗಳು ಮುಗಿದ ಮೇಲೆ B2ರ ಸೂತ್ರದಲ್ಲಿ ಆ 6ರ ಜಾಗಕ್ಕೆ ಅವರು ಬರೆದಿಟ್ಟ ಲೆಕ್ಕದಿಂದ ಬರುವ ಸಂಖ್ಯೆ ಹಾಕುತ್ತೇವೆ.